‘ಬಿಗಿ’ ಅಂದರೆ ಯಾವ ನೂಲು? ಅಂಚು ಒಳಸರಿಯುವುದಕ್ಕೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಪುಟ್ಟ ಚೌಕಟ್ಟಿನ ಮಗ್ಗದಲ್ಲಿ ನೇಯಲು ಕಲಿಯುತ್ತಿರುವ ನಾಲ್ಕಾರು ಹೆಣ್ಣುಮಕ್ಕಳಿಗಾಗಿ ಒಂದು ಕನ್ನಡ ಟಿಪ್ಪಣಿ ಸಿದ್ಧಮಾಡುತ್ತಿದ್ದೇನೆ. ಹಾಸು, ಹೊಕ್ಕು ಎಲ್ಲರಿಗೂ ಗೊತ್ತು. ಮಗ್ಗದ ಜೊತೆ ಬಂದ ಕೈಪಿಡಿಯಲ್ಲಿ ‘ನೂಲು ಬಿಗಿಯಾಗಿರಲಿ’ ಅಂತ ಮಾತ್ರ ಇದೆ. ಓದಿದವರು ಹೊಕ್ಕನ್ನೂ ಎಳೆದು ಬಿಗಿ ಮಾಡುತ್ತಾರೆ. 25 ಸೆಂ.ಮೀ. ಅಗಲಕ್ಕೆ ಶುರುವಾದ ಬಟ್ಟೆ ಒಂದು ಗೇಣು ನೇಯುವಷ್ಟರಲ್ಲಿ 21ಕ್ಕೆ ಇಳಿದಿರುತ್ತದೆ. ಎರಡು ಬಗೆಯ ಬಿಗಿಗೆ ಬೇರೆ ಬೇರೆ ಮಾತು ಇದೆಯಾ? ಅಂಚು ಹೀಗೆ ಒಳಗೆ ಬರುವುದಕ್ಕೆ ಏನನ್ನುತ್ತೀರಿ?

ಗೋಣಿಕೊಪ್ಪದಿಂದ ಒಬ್ಬರು:

ಮೇಡಂ, ನನ್ನ ರೇಷ್ಮೆ ಸೀರೆಗೂ ಹೀಗೇ ಆಗಿದೆ. ಒಗೆದ ಮೇಲೆ ಅಂಚು ಸುಕ್ಕುಗಟ್ಟಿ ಮುದುಡಿಕೊಂಡಿತು. ಫಾಲ್ ಬಿಚ್ಚಿ ಮತ್ತೆ ಹಾಕಿಸಿದರೆ ಸರಿಹೋಗುತ್ತಾ?

ಸೋಮವಾರಪೇಟೆಯಿಂದ ಒಬ್ಬರು:

ಅದು ಬೇರೆ ವಿಷಯ ಅಕ್ಕ, ಇಲ್ಲಿ ಕೇಳಿರುವುದು ಮಗ್ಗದ ಮೇಲೆ ಇರುವಾಗಲೇ ಅಗಲ ಕಡಿಮೆಯಾಗುವುದನ್ನು. ನನಗನ್ನಿಸುವುದು, ನಮ್ಮ ಮಳೆಗಾಲದ ತೇವಕ್ಕೆ ಹಾಸು ಸಡಿಲ ಆಗುತ್ತದೆ, ಅದಕ್ಕೇ ಅಂಚು ಬರುತ್ತದೆ. ಹಾಸನ್ನು ಚೆನ್ನಾಗಿ ಬಿಗಿದರೆ ಸಾಕು. ಪದ ಬೇಕಿದ್ದರೆ ‘ಅಂಚೆಳೆತ’ ಅನ್ನಬಹುದು.

ಕುಶಾಲನಗರದಿಂದ, ಬಹಳ ವರ್ಷ ನೇಯ್ದವರು:

ಹಾಸು ಬಿಗಿಯಾಗಿರಬೇಕು ಅನ್ನುವುದು ನಿಜ. ಆದರೆ ಅಷ್ಟಕ್ಕೇ ಅಂಚು ನಿಲ್ಲುವುದಿಲ್ಲ.

ಮೊದಲು ಹಾಸಿನ ಮಾತು. ಮೊದಲ ಮೊಳೆಗೆ ನೂಲು ಕಟ್ಟಿ ಮೇಲೆ ಕೆಳಗೆ ಸುತ್ತುತ್ತಾ ಹೋಗುತ್ತೀರಿ. ಎಳೆಗಳು ಹೆಚ್ಚಾದಂತೆ ಚೌಕಟ್ಟಿನ ಮೇಲಿನ ಪಟ್ಟಿಯೂ ಕೆಳಗಿನ ಪಟ್ಟಿಯೂ ಸ್ವಲ್ಪ ಒಳಕ್ಕೆ ಬಾಗುತ್ತವೆ. ಆಗ ಮೊದಲು ಸುತ್ತಿದ ಎಳೆಗಳು ತಾವಾಗೇ ಸಡಿಲವಾಗುತ್ತವೆ. ಅದಕ್ಕೇ ಕೊನೆಯ ಗಂಟನ್ನು ತಕ್ಷಣ ಬಿಗಿಯಬಾರದು. ಮೊದಲ ಎಳೆಯಿಂದ ಶುರುಮಾಡಿ ಒಂದೊಂದನ್ನೇ ಬೆರಳಲ್ಲಿ ಎಳೆದು, ಸಡಿಲವನ್ನು ಮುಂದಿನದಕ್ಕೆ ದಾಟಿಸುತ್ತಾ ಕೊನೆಯವರೆಗೂ ಬನ್ನಿ. ಆಮೇಲೆ ಗಂಟು ಹಾಕಿ. ಅಂಗೈ ಚಪ್ಪಟೆ ಇಟ್ಟು ಹಾಸಿನ ಮೇಲೆ ಅಡ್ಡಡ್ಡ ಸರಿಸಿ ನೋಡಿ. ಎಲ್ಲ ಕಡೆ ಒಂದೇ ಥರ ತಗ್ಗಬೇಕು. ತುದಿಯ ಎರಡು ಎಳೆ ಮೆತ್ತಗಿದ್ದರೆ ಅಂಚು ಅಲೆಅಲೆಯಾಗುತ್ತದೆ.

ನೇಯ್ಗೆ ಮುಂದುವರಿದಂತೆ ಹಾಸು ಇನ್ನೂ ಬಿಗಿಯುತ್ತದೆ. ಹೊಕ್ಕಿನ ಮೇಲೆ ಕೆಳಗೆ ಹಾಯುತ್ತಾ ಹಾಸೆಳೆಗೆ ಉದ್ದ ಬೇಕಲ್ವಾ? ಹಾಸು ಸುತ್ತುವಾಗಲೇ ಒಂದು ತುದಿಯಲ್ಲಿ, ಪಟ್ಟಿಗೂ ಎಳೆಗಳಿಗೂ ನಡುವೆ ತೆಳ್ಳಗಿನ ಎರಡು ಕಡ್ಡಿ ಇಟ್ಟಿರಿ. ಕೊನೆಕೊನೆಗೆ ಎಳೆ ಎತ್ತಲು ಕಷ್ಟವಾದಾಗ ಒಂದನ್ನು ಹೊರಗೆಳೆದರೆ ಸಾಕು.

ಇನ್ನು ಹೊಕ್ಕು. ಇದನ್ನು ನೇರವಾಗಿ ಎಳೆದು ಬಡಿಯುವುದೇ ಅಂಚು ಬರಲು ಮುಖ್ಯ ಕಾರಣ. 25 ಸೆಂ.ಮೀ. ಅಗಲಕ್ಕೆ 25 ಸೆಂ.ಮೀ. ನೂಲು ಸಾಲದು, ಅದೂ ಹಾಸೆಳೆಗಳ ಮೇಲೆ ಕೆಳಗೆ ಬಳುಕಬೇಕು. ಕೊರತೆಯಾದ ನೂಲನ್ನು ಅದು ಅಂಚಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಹೊಕ್ಕನ್ನು ಹಾಯಿಸಿದ ಮೇಲೆ ನಡುವೆ ಸುಮಾರು 4 ಸೆಂ.ಮೀ. ಮೇಲೇಳುವ ಕಮಾನಿನಂತೆ ಬಿಡಿ. ಅದರಿಂದ ಒಂದೂವರೆ ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ನೂಲು ಸಿಗುತ್ತದೆ. ಮೊದಲು ಕಮಾನಿನ ನಡುವನ್ನು ಬಾಚಣಿಗೆಯಿಂದ ಒತ್ತಿ, ಆಮೇಲೆ ಎರಡೂ ಪಕ್ಕ. ತಿರುಗುವ ಕಡೆ ಹೊಕ್ಕು ತುದಿಯ ಎಳೆಯನ್ನು ಮುಟ್ಟಲಿ, ಜಗ್ಗದಿರಲಿ. ನೂಲು ಜಾಸ್ತಿ ಬಿಟ್ಟರೆ ಬಟ್ಟೆಯ ಮೇಲೆ ಕುಣಿಕೆ ಏಳುತ್ತದೆ, ಆಗ ಕಮಾನು ತಗ್ಗಿಸಿ. ದಪ್ಪ ನೂಲಿಗೆ ಬೇರೆ ಲೆಕ್ಕ, ಕೈಗೇ ತಿಳಿಯಬೇಕು.

ಎರಡು ಬಿಗಿಗಳನ್ನು ಕಣ್ಣಲ್ಲೇ ಬೇರೆ ಮಾಡಬಹುದು. ಈಗಷ್ಟೇ ನೇಯ್ದ ಸಾಲಿನ ತುದಿಯಿಂದ ಅಂಚಿನ ಎಳೆ ತನ್ನ ಮೊಳೆಗೆ ನೆಟ್ಟಗೆ ಹೋಗದೆ ಓರೆಯಾಗಿದ್ದರೆ, ತುದಿಯ ಎಳೆಗಳು ಒತ್ತೊತ್ತಾಗಿದ್ದರೆ, ಹೊಕ್ಕು ಬಿಗಿಯಾಗಿದೆ ಅಂತಲೇ ಅರ್ಥ. ಎಳೆ ನೆಟ್ಟಗಿದ್ದೂ ಬಟ್ಟೆ ಸಡಿಲವಾಗಿ ಅಲೆಯಾಡಿದರೆ ಹಾಸಿನ ತಪ್ಪು. ಪ್ರತಿ 3 ಸೆಂ.ಮೀ.ಗೆ ಅಳತೆಪಟ್ಟಿ ಇಡಿ. ಅರ್ಧ ಸೆಂ.ಮೀ. ಒಳಬಂದರೆ ಗಾಬರಿ ಬೇಡ. ಒಂದೂವರೆ ಬಂದರೆ ಬಿಚ್ಚಿ. ಮೇಲಿನ ಸಾಲನ್ನು ಅಗಲ ಮಾಡಿದರೂ ಕೆಳಗಿನ ಸೊಂಟ ಹಾಗೇ ಉಳಿಯುತ್ತದೆ.

ಮಳೆಗೆ ಬಿಗಿ ಬದಲಾಗುತ್ತೆ, ಒಪ್ಪುತ್ತೇನೆ. ಆದರೆ ಎಲ್ಲ ಎಳೆಗೂ ಒಟ್ಟಿಗೇ ಬದಲಾಗುತ್ತದೆ. ತುದಿಯ ಎಳೆ ಮಾತ್ರ ಓರೆಯಾಗುವುದಕ್ಕೆ ಅದು ಕಾರಣ ಅಲ್ಲ. ‘ಅಂಚೆಳೆತ’ ನನಗೆ ಅಷ್ಟು ಹಿಡಿಸಲಿಲ್ಲ, ಅಂಚನ್ನು ಎಳೆಯುವುದು ಅನ್ನುವ ಹಾಗೆ ಕೇಳುತ್ತದೆ. ನಾವು ಸುಮ್ನೆ ‘ಅಂಚು ಬಂತು’ ಅನ್ನುತ್ತಿದ್ದೆವು.

ಸೋಮವಾರಪೇಟೆಯವರು:

‘ಬಂತು’ ಅಂದರೆ ಮುಗಿದು ಬಂತು ಅಂತ ಹೊಸಬರು ತಿಳಿದಾರು ಸರ್. ‘ಅಂಚು ಒಳಬಂತು’ ಆದರೆ ಒಪ್ಪುತ್ತೇನೆ. ಮಳೆಯ ವಿಷಯ ಈಗಲೇ ಬಿಡುವುದಿಲ್ಲ. ನನ್ನ ಚೌಕಟ್ಟು ಜೂನ್‌ನಲ್ಲಿ ಒಂಥರ, ಜನವರಿಯಲ್ಲಿ ಒಂಥರ ಇರುತ್ತದೆ.

ಮಡಿಕೇರಿ:

ಹಾಗಾದರೆ ಟಿಪ್ಪಣಿಯಲ್ಲಿ ‘ಬಿಗಿ’ಯನ್ನು ಹಾಸಿಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಹೊಕ್ಕಿಗೆ ‘ಕಮಾನು ಬಿಡಿ’ ಅಂತಲೇ ಬರೆಯುತ್ತೇನೆ. ಸರ್, ತುದಿಯ ಎಳೆಯನ್ನು ಜೋಡಿ ಹಾಕಿದರೆ ಅಂಚು ಗಟ್ಟಿಯಾಗಿ ನಿಲ್ಲುತ್ತದೆ ಅಂತ ಕೇಳಿದ್ದೆ. ನೀವು ಹಾಗೆ ಮಾಡುತ್ತಿದ್ದಿರಾ? ಆ ಜೋಡಿ ಎಳೆಗೆ ಹೆಸರಿದ್ದರೆ ತಿಳಿಸಿ.