ಗಾಣದ ಎಣ್ಣೆಗೆ ‘ಎಸ್‌ಎನ್‌ಡಿ’ ಎಂದು ಹೆಸರಿಡಬಹುದೇ?

ಪ್ರಶ್ನೆ (ತಿಪಟೂರು): ಮರದ ಗಾಣದ ಕೊಬ್ಬರಿ ಎಣ್ಣೆಯ ಘಟಕ ಶುರುಮಾಡುತ್ತಿದ್ದೇವೆ. ಅಜ್ಜಿ, ಅಪ್ಪ, ಅಮ್ಮನ ಹೆಸರಿನ ಮೊದಲ ಅಕ್ಷರ ಸೇರಿಸಿ ‘ಎಸ್‌ಎನ್‌ಡಿ’ ಎಂದಿಡುವ ಆಸೆ. ಅನುಭವ ಇರುವವರು ಹೇಳಿ.

ಕಿರಾಣಿ ಅಂಗಡಿ, ಹಾಸನ: ಧೈರ್ಯವಾಗಿ ಇಡಿ. ಎಂಟಿಆರ್, ಎಚ್‌ಎಂಟಿ, ಟಿವಿಎಸ್ ಎಲ್ಲವೂ ಅಕ್ಷರಗಳೇ ಅಲ್ಲವೇ? ಹೆಸರು ಚಿಕ್ಕದಾದಷ್ಟೂ ನೆನಪಿನಲ್ಲಿ ಉಳಿಯುತ್ತದೆ.

ಲೇಬಲ್ ವಿನ್ಯಾಸಕಿ, ಬೆಂಗಳೂರು: ಚಿಕ್ಕದಾಗಿರಬೇಕು ಎನ್ನುವುದು ಸರಿ. ಆದರೆ ‘ಎಸ್‌ಎನ್‌ಡಿ’ ಬರೆಯುವಾಗ ಮಾತ್ರ ಚಿಕ್ಕದು. ಫೋನಿನಲ್ಲಿ ಹೇಳಿ ನೋಡಿ: ಎಸ್ ಎಫ್ ಆಗುತ್ತದೆ, ಎನ್ ಎಂ ಆಗುತ್ತದೆ, ಡಿ ಬಿ ಆಗುತ್ತದೆ. ಮೂರಕ್ಕೆ ಮೂರೂ ಜಾರುವ ಅಕ್ಷರಗಳು. ಸರಿಯಾಗಿ ಕೇಳಿಸಿದರೂ ಮನಸ್ಸು ಹಿಡಿದುಕೊಳ್ಳಲು ಅದರಲ್ಲಿ ಚಿತ್ರವಿಲ್ಲ, ಅರ್ಥವಿಲ್ಲ; ಮರುದಿನ ಅಕ್ಷರಗಳ ಕ್ರಮವೂ ಅದಲುಬದಲಾಗುತ್ತದೆ. ನಾನು ಲೇಬಲ್ ಮಾಡಿಕೊಟ್ಟ ಒಂದು ಸಾರಿನ ಪುಡಿಗೆ ಹೀಗೆಯೇ ಮೂರಕ್ಷರದ ಹೆಸರಿತ್ತು. ಆರು ತಿಂಗಳ ನಂತರವೂ ಗಿರಾಕಿಗಳು ‘ಆ ಕೆಂಪು ಪೊಟ್ಟಣದ ಪುಡಿ’ ಎಂದೇ ಕೇಳುತ್ತಿದ್ದರು. ಇನ್ನೊಬ್ಬರು ಕೆಂಪು ಪೊಟ್ಟಣ ತಂದ ದಿನ ಅಂಗಡಿಯವರು ಅದನ್ನೇ ಕೊಟ್ಟರು.

ಎಂಟಿಆರ್ ಮೊದಲೇ ಅಕ್ಷರಗಳಾಗಿ ಹುಟ್ಟಲಿಲ್ಲ. 1924ರಲ್ಲಿ ಶುರುವಾದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಮಾವಳ್ಳಿ ಊರಿನ ಜಾಗ, ಟಿಫಿನ್ ನಾಲಿಗೆಗೆ ಗೊತ್ತಿರುವ ಮಾತು. ಇಡ್ಲಿ ತಿಂದವರ ಬಾಯಲ್ಲಿ ಅದು ಚಿಕ್ಕದಾಯಿತು. ಟಿವಿಎಸ್ ಕೂಡ ಮದುರೈಯಲ್ಲಿ ಬಸ್ ಓಡಿಸಿದ ಟಿ.ವಿ. ಸುಂದರಂ ಅಯ್ಯಂಗಾರ್ ಅವರ ಹೆಸರಿನಿಂದ ಬಂದದ್ದು. ಗುರುತು ಮೊದಲು, ಅಕ್ಷರ ಆಮೇಲೆ.

ಸಾಗಣೆ ವ್ಯವಹಾರ, ದಾವಣಗೆರೆ: ಜಿಎಸ್‌ಟಿ ನೋಂದಣಿಯಲ್ಲಿ ಒಂದು ಹೆಸರು, ಬ್ಯಾಂಕ್ ಖಾತೆಯಲ್ಲಿ ಇನ್ನೊಂದಿದ್ದು ನಾನು ಬಹಳ ಅಲೆದಿದ್ದೇನೆ. ಯಾವ ಹೆಸರಾದರೂ ಎರಡೂ ಕಡೆ ಒಂದೇ ಇರಲಿ.

ಲೇಬಲ್ ವಿನ್ಯಾಸಕಿ: ಅವರು ಕೇಳಿದ್ದು ಸೀಸೆಯ ಮೇಲಿನ ಹೆಸರು, ಸರ್. ಸಂಸ್ಥೆಯ ಹೆಸರು ಬೇರೆ ಇರಬಹುದು. ಕೆಎಂಎಫ್‌ ಹಾಲು ಕೊಡಿ ಎಂದು ಯಾರೂ ಕೇಳುವುದಿಲ್ಲ, ನಂದಿನಿ ಕೊಡಿ ಎನ್ನುತ್ತಾರೆ.

ನಿವೃತ್ತ ಶಿಕ್ಷಕರು, ಮೈಸೂರು: ಹಾಪ್‌ಕಾಮ್ಸ್, ಅಮುಲ್ ಸಹ ಅಕ್ಷರಗಳನ್ನು ಕೂಡಿಸಿದವೇ. ಅವು ಹೇಗೆ ನಿಂತವು?

ಲೇಬಲ್ ವಿನ್ಯಾಸಕಿ: ಅವುಗಳನ್ನು ಬಿಡಿಬಿಡಿಯಾಗಿ ಓದುವುದಿಲ್ಲ, ಒಂದೇ ಉಸಿರಿನ ಪದವಾಗಿವೆ. ಅಮುಲ್ ಎಂದರೆ ‘ಅಮೂಲ್ಯ’ವೂ ಕಿವಿಗೆ ತಾಗುತ್ತದೆ. ಎಸ್, ಎನ್, ಡಿ ನಡುವೆ ಸ್ವರವೇ ಇಲ್ಲ, ಪದವಾಗುವುದಿಲ್ಲ.

ಕಿರಾಣಿ ಅಂಗಡಿ: ಎಚ್‌ಎಂಟಿಗೆ ಏನು ಹೇಳುತ್ತೀರಿ? ಹಿಂದೂಸ್ತಾನ್ ಮಷಿನ್ ಟೂಲ್ಸ್ ಎಂದು ನಮ್ಮೂರಲ್ಲಿ ಯಾರೂ ಹೇಳುತ್ತಿರಲಿಲ್ಲ.

ಲೇಬಲ್ ವಿನ್ಯಾಸಕಿ: ಒಪ್ಪುತ್ತೇನೆ. ಆದರೆ ಕೈಗಡಿಯಾರಗಳಿಗೆ ಜನತಾ, ಪೈಲಟ್, ಕೊಹಿನೂರ್ ಎಂಬ ಹೆಸರುಗಳಿದ್ದವು. ದಶಕಗಳ ಕಾಲ ಲಕ್ಷಾಂತರ ಮಣಿಕಟ್ಟುಗಳ ಮೇಲೆ ಆ ಅಕ್ಷರಗಳಿದ್ದವು. ಹೊಸ ಗಾಣಕ್ಕೆ ಅಷ್ಟು ಕಾಲ ಎಲ್ಲಿ?

ಪ್ರಶ್ನೆ ಕೇಳಿದವರು: ನಿನ್ನೆ ಸಂತೆಯಲ್ಲಿ ಹತ್ತು ಜನರಿಗೆ ‘ಎಸ್‌ಎನ್‌ಡಿ’ ಎಂದು ಹೇಳಿಬಂದೆ. ಇಂದು ಕೇಳಿದರೆ ಇಬ್ಬರು ಸರಿ ಹೇಳಿದರು, ಒಬ್ಬರು ‘ಎಸ್‌ಎಂಬಿ’ ಎಂದರು, ಉಳಿದವರಿಗೆ ಎಣ್ಣೆ ಮಾತ್ರ ನೆನಪಿತ್ತು. ಅಜ್ಜಿಯ ಪೂರ್ತಿ ಹೆಸರು ಸುಬ್ಬಮ್ಮ. ‘ಸುಬ್ಬಮ್ಮನ ಗಾಣ’ ಎಂದರೆ ಅಪ್ಪ ಬೇಸರಪಟ್ಟುಕೊಳ್ಳುತ್ತಾರೇನೋ. ಮುಂದಿನ ಸಂತೆಗೆ ಅದನ್ನು ಹೇಳಿ ನೋಡುತ್ತೇನೆ.