ಸಹಾಯ ಬೇಕು: ಅಕ್ಕನ ಹುಟ್ಟುಹಬ್ಬದ ಕ್ಯಾಪ್ಶನ್ ಚಿಕ್ಕದು ಮಾಡಬೇಕು

ನಾಳೆ ಅಕ್ಕನ 40ನೇ ಹುಟ್ಟುಹಬ್ಬ. ಬರೆದಿಟ್ಟ ಪ್ಯಾರಾ ಒಂದು ಪುಟ ಆಗಿದೆ. ಇನ್‌ಸ್ಟಾಗ್ರಾಮ್‌ನ 2,200 ಅಕ್ಷರದ ಮಿತಿಯೊಳಗೇನೋ ಇದೆ, ಆದರೆ ಫೀಡ್‌ನಲ್ಲಿ ಕಾಣೋದು ಮೊದಲ ಒಂದೆರಡು ಸಾಲು ಮಾತ್ರ, ಮಿಕ್ಕಿದ್ದು more ಒತ್ತಿದರೆ. ಈಗ ಶುರುವಾಗೋದು "ಪ್ರೀತಿಯ ಅಕ್ಕಾ, ನಿನ್ನ ಬಗ್ಗೆ ಎಲ್ಲಿಂದ ಬರೆಯಲಿ" ಅಂತ. ಕಾಣುವ ಜಾಗವೆಲ್ಲ ಪೀಠಿಕೆಗೇ ಹೋಗ್ತಿದೆ.

ಮೊದಲು ಅಪ್ಪನ ಆಸ್ಪತ್ರೆ, ಸಾಲದ ವಿಷಯ ತೆಗೆದೆ. ಅವಳ ಆಫೀಸಿನವರೂ ನೋಡುವ ಪೋಸ್ಟ್‌ನಲ್ಲಿ ಅದು ಬೇಡ, ಅವಳೊಬ್ಬಳಿಗೇ ವಾಟ್ಸಾಪ್ ಮಾಡ್ತೀನಿ. ಆಮೇಲೆ "ತ್ಯಾಗಮಯಿ, ಎರಡನೇ ಅಮ್ಮ, ದೇವತೆ" ತೆಗೆದೆ. ಅವು ಯಾರ ಅಕ್ಕನಿಗಾದರೂ ಒಪ್ಪುತ್ತವೆ. ಉಳಿದದ್ದು ಒಂದೇ ಸಂಗತಿ: ನನ್ನ ಪರೀಕ್ಷೆ ಇದ್ದಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಾಫಿ ಕೊಟ್ಟು, ನನಗೆ ನಿದ್ದೆ ಬರಬಾರದು ಅಂತ ಎದುರಿಗೇ ಕೂತು ತಾನೇ ತೂಕಡಿಸ್ತಿದ್ದಳು.

ಸದ್ಯಕ್ಕೆ ಹೀಗಾಗಿದೆ:

"ನನ್ನ ಪರೀಕ್ಷೆಗೆ ನಾಲ್ಕಕ್ಕೆ ಎದ್ದು ಕಾಫಿ ಕೊಟ್ಟವಳು ನೀನು. ಪಾಸಾದದ್ದು ನಾನು, ನಿದ್ದೆಗೆಟ್ಟದ್ದು ನೀನು. ಹುಟ್ಟುಹಬ್ಬದ ಶುಭಾಶಯ ಅಕ್ಕಾ."

ಸಿಕ್ಕಿಹಾಕಿಕೊಂಡಿರೋದು ನಡುವಿನ ವಾಕ್ಯದಲ್ಲಿ. ಇಟ್ಟರೆ ಭಾಷಣದ ಮಾತಿನ ಹಾಗೆ ಕೇಳುತ್ತೆ, ಅವಳು ಕಾಣಲ್ಲ. ತೆಗೆದರೆ ಬರೀ ವರದಿ. ಅಲ್ಲಿ ತೂಕಡಿಕೆ ಬಂದರೆ ಓದಿದ ತಕ್ಷಣ ಅವಳೇ ಕಣ್ಣಿಗೆ ಕಟ್ತಾಳೆ, ಆದರೆ ನಾನು ಬರೆದರೆ ಉದ್ದವಾಗಿ ಅರ್ಧ more ಹಿಂದೆ ಸೇರಿಕೊಳ್ಳುತ್ತೆ. ಅವಳನ್ನ ತಮಾಷೆ ಮಾಡಿದ ಹಾಗೂ ಆಗಬಾರದು.

ನಡುವಿನ ವಾಕ್ಯದ ಬದಲು, ತೂಕಡಿಕೆಯನ್ನ ಆರೇಳು ಪದದಲ್ಲಿ ಹೇಗೆ ಹೇಳಬಹುದು? ಆ ಒಂದು ವಾಕ್ಯ ಬರೆದು ತೋರಿಸ್ತೀರಾ?