ಅಪ್‌ಡೇಟ್: ತೀರ್ಥಹಳ್ಳಿಯ ಮನೆಯಲ್ಲಿ ಹೊಸ ಫೋನಿಗೆ ಒಂದು ತಿಂಗಳು

ನಾನು ಕೇಳಿದ್ದು: “16,000 ರೂಪಾಯಿಯ 5ಜಿ ಫೋನ್ ಸಂಜೆಯೊಳಗೆ ಖಾಲಿಯಾಗುತ್ತದೆ, ಬಿಸಿಯೂ ಆಗುತ್ತದೆ. ಹಿಂದಿರುಗಿಸಲೇ?”

ಹಿಂದಿರುಗಿಸಲಿಲ್ಲ, ಒಳ್ಳೆಯದೇ ಆಯಿತು. ತೊಂದರೆ ಇದ್ದದ್ದು ಸಿಗ್ನಲ್‌ನಲ್ಲಿ. ಶಿವಮೊಗ್ಗದ ಕಚೇರಿಗೆ ಹೋದ ದಿನ ರಾತ್ರಿ ಒಂಬತ್ತಕ್ಕೂ 45% ಉಳಿಯುತ್ತಿತ್ತು. ತೀರ್ಥಹಳ್ಳಿ ಬಳಿಯ ಮನೆಯಲ್ಲೇ ಇದ್ದ ಭಾನುವಾರ ಸಂಜೆ ಐದಕ್ಕೇ 15%. ಬ್ಯಾಟರಿ ಬಳಕೆಯ ಪಟ್ಟಿಯಲ್ಲಿ ಪರದೆಗಿಂತ ಮೇಲೆ `Mobile network` ಕುಳಿತಿತ್ತು. ಗುಡ್ಡದ ಮರೆಯಲ್ಲಿ ಟವರ್ ಸರಿಯಾಗಿ ಸಿಗದಿದ್ದರೆ ಫೋನ್ ಹೆಚ್ಚು ಶಕ್ತಿ ಹಾಕಿ ಸಂಕೇತ ಕಳುಹಿಸುತ್ತದೆ, ಇಲ್ಲದ 5ಜಿಯನ್ನು ಮತ್ತೆ ಮತ್ತೆ ಹುಡುಕುತ್ತದೆ. ಬಿಸಿಗೂ ಅದೇ ಕಾರಣ.

`Preferred network type` ತೆರೆದು 4ಜಿ ಆರಿಸಿದೆ, ಮನೆಯ ವೈಫೈ ಇರುವುದರಿಂದ `Wi-Fi calling` ಕೂಡ ಹಾಕಿದೆ. ಮುಂದಿನ ಭಾನುವಾರ ಅದೇ ಐದು ಗಂಟೆಗೆ 52% ಇತ್ತು! ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ಕೊಟ್ಟರೆ ಮಾತ್ರ ಈಗಲೂ ಬಿಸಿಯಾಗುತ್ತದೆ.

ಕ್ಯಾಮೆರಾ ಬಿಸಿಲಿನಲ್ಲಿ ಚೆನ್ನ. ಮಳೆಗಾಲದ ಮಬ್ಬಿನಲ್ಲಿ, ತೋಟದೊಳಗೆ, ಎಲೆಗಳ ಅಂಚು ಕಲಸಿಹೋಗುತ್ತದೆ. ಎಳೆ ಅಡಿಕೆಯ ಮೇಲೆ ನೀರು ಹೀರಿದಂತೆ ಕಾಣುವ ಕೊಳೆರೋಗದ ಕಲೆಯನ್ನು ಅಪ್ಪಯ್ಯನಿಗೆ ತೋರಿಸಬೇಕಿತ್ತು. 2 ಮೆಗಾಪಿಕ್ಸೆಲ್ ಮ್ಯಾಕ್ರೋದಲ್ಲಿ ಬರೀ ಹಸಿರು ಮಸುಕು. ಒಂದಡಿ ಹಿಂದೆ ಸರಿದು ಮುಖ್ಯ ಕ್ಯಾಮೆರಾದಲ್ಲಿ ಎರಡು ಪಟ್ಟು ಜೂಮ್ ಮಾಡಿದಾಗ ಕಲೆಯ ಅಂಚೂ ಸ್ಪಷ್ಟವಾಗಿ ಬಂತು.

ಭದ್ರತಾ ಅಪ್‌ಡೇಟ್ ಒಂದು ಬಂದಿದೆ, ಹೊಸ ಆಂಡ್ರಾಯ್ಡ್ ಇನ್ನೂ ಇಲ್ಲ. ಈ ಬೆಲೆಗೆ ಫೋನ್ ನನಗೆ ಒಪ್ಪಿಗೆಯಾಗಿದೆ. ಆದರೆ ನಮ್ಮೂರಿನಲ್ಲಿ 5ಜಿಗೆಂದೇ ಹೆಚ್ಚು ಹಣ ಕೊಡಬೇಡಿ.